ಮಗುಚಿದ ನಗು

ಕಾಲೇಜಿನಲ್ಲಿ ಅವರಿಗೆ ಎಂಟು ಮೇಷ್ಟ್ರು ಎಂದೇ ಹೆಸರು. ಕರೆಯುತ್ತಿದ್ದುದು ಬೆನ್ನ ಹಿಂದೆ, ಆದರೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಅವರು ಆಸಿಲೋಸ್ಕೋಪಿನ ಹಸಿರು ಪರದೆಯ ಮೇಲೆ ಮಲಗಿದ ಎಂಟೊಂದನ್ನು ಮೂಡಿಸುತ್ತಿದ್ದರು. ಮೂಡಿಸಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು, ಅದನ್ನು ತಾವೇ ಹೆತ್ತಿರುವಂತೆ ನೋಡುತ್ತಾ ನಿಲ್ಲುತ್ತಿದ್ದರು. ಫ್ರಾನ್ಸಿನ ಲಿಸಾಜೂ ಎನ್ನುವ ವಿಜ್ಞಾನಿ ಅದನ್ನು ಅವರಿಗಿಂತ ಎಷ್ಟೋ ಮೊದಲೇ ಹೆತ್ತಿದ್ದ ಎನ್ನುವುದು ಆ ಹೊತ್ತಿಗೆ ಅವರಿಗೆ ಮರೆತೇ ಹೋಗುತ್ತಿತ್ತು.

ಮೇಷ್ಟ್ರಿಗೆ ಒಂದು ರೋಗವೂ ಇತ್ತು. ಎದುರಿಗೆ ಯಾರಾದರೂ ತಪ್ಪು ಹೇಳಿದರೆ ಸುಮ್ಮನಿರಲು ಆಗುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗ, ಸಾವಿನ ಮನೆಯಲ್ಲಿ ಸಾಂತ್ವನ ಹೇಳಲು ಹೋದಾಗ, ಬಸ್ಸಿನಲ್ಲಿ ಗುರುತಿಲ್ಲದವರ ಮಾತು ಕಿವಿಗೆ ಬಿದ್ದಾಗ, ಎಲ್ಲೆಂದರಲ್ಲಿ ಅವರ ಬಾಯಿಂದ "ಹಾಗಲ್ಲ, ಹಾಗಲ್ಲ" ಎಂದು ಹೊರಟೇಬಿಡುತ್ತಿತ್ತು. ತಾವು ಮೂರ್ಖರು ಎನ್ನುವ ಸಂಗತಿ ಅವರಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಗೊತ್ತಾಗುತ್ತಿತ್ತು. ಯಾವಾಗಲೂ ಮಾರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಗೊತ್ತಾಗುತ್ತಿತ್ತು.

ಈ ರೋಗದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಒಬ್ಬಳೇ ಮಗಳ ಮೇಲೆ. ಚಿಕ್ಕವಳಿದ್ದಾಗ ಅವಳು ಶಾಲೆಯ ಕಥೆ ಹೇಳಲು ಬಾಯಿ ತೆರೆದರೆ ಸಾಕು, ಅಪ್ಪ ನಡುವೆ ಮೂಗು ತೂರಿಸಿ ಮೂರು ತಿದ್ದುಪಡಿ ಮಾಡುತ್ತಿದ್ದರು. ಕೊನೆಗೆ ಅವಳು ಕಥೆಗಳನ್ನೆಲ್ಲ ಅಡುಗೆಮನೆಗೆ ಒಯ್ದು ಅಮ್ಮನಿಗೆ ಹೇಳತೊಡಗಿದಳು. ಮೇಷ್ಟ್ರು ಹಜಾರದಲ್ಲಿ ಕೂತು, ಒಳಗಿನ ನಗು ಕೇಳಿಸಿಕೊಳ್ಳುತ್ತಾ, ಯಾವ ವಿಷಯಕ್ಕೆ ನಗುತ್ತಿದ್ದಾರೆ ಎಂದು ಊಹಿಸುತ್ತಿದ್ದರು. ಮಗಳು ಭೌತಶಾಸ್ತ್ರ ಬಿಟ್ಟು ಹಲ್ಲಿನ ಡಾಕ್ಟರಾಗಲು ಹೊರಟಾಗ ಅವರಿಗೆ ಬೇಸರವಾಯಿತು. ಆದರೆ ಎದುರಿಗಿದ್ದವರು ಮಾತಾಡಲಾಗದಂತೆ ಅವರ ಬಾಯಿ ಅಗಲಿಸಿ ಹಿಡಿದುಕೊಳ್ಳುವ ಕಸುಬನ್ನೇ ಅವಳು ಆರಿಸಿಕೊಂಡಿದ್ದಾಳೆ, ಅದರಲ್ಲಿ ಏನೋ ನ್ಯಾಯವಿದೆ ಎಂದು ತಮಗೆ ತಾವೇ ಹೇಳಿಕೊಂಡು ನಕ್ಕರು. ನಗು ಸ್ವಲ್ಪ ಹುಳಿಯಾಗಿತ್ತು.

ಹೀಗಿರುವಾಗ ಒಂದು ಭಾನುವಾರ ಮಗಳು ಬಂದವಳು ನೇರ ಅಡುಗೆಮನೆಗೆ ಹೋಗದೆ ಹಜಾರದಲ್ಲಿ ಅಪ್ಪನ ಎದುರಿಗೆ ಕೂತಳು. ಮೇಷ್ಟ್ರಿಗೆ ಗಾಬರಿಯೇ ಆಯಿತು.

"ಅಪ್ಪ, ನನ್ನ ಸ್ವಂತ ಕ್ಲಿನಿಕ್ ಮುಂದಿನ ತಿಂಗಳು ಓಪನ್ ಆಗ್ತಿದೆ. ಬಾಗಿಲ ಪಕ್ಕದ ಹೊರಗೋಡೆ ಪೂರ್ತಿ ಖಾಲಿ, ಬಿಳಿ ಬಣ್ಣ ಹೊಡೆಸಿದ್ದೀನಿ. ಅದರ ಮೇಲೆ ಬೆಳಕಲ್ಲಿ ಏನಾದ್ರೂ ಮಾಡಿಕೊಡ್ತೀಯಾ? ನಿನ್ನ ಲ್ಯಾಬಲ್ಲಿ ಮಾಡ್ತೀಯಲ್ಲ, ಆ ಥರ."

"ಯಾವ ಥರ?"

"ನಗುವ ಬಾಯಿ ಬರುತ್ತಲ್ಲ, ಅದು. ಕಣ್ಣು ಎರಡು ನಾನು ಬಣ್ಣದಲ್ಲಿ ಬರೆಸ್ತೀನಿ. ಬಾಯಿ ನಿಂದು."

ಮಗಳು ತಮ್ಮ ಪ್ರಯೋಗಶಾಲೆಗೆ ಬಂದು ಯಾವ ಕಾಲವಾಯಿತು! ಅದರಲ್ಲಿ ನಗುವ ಬಾಯಿ ಬರುತ್ತದೆ ಎನ್ನುವುದು ಇವಳಿಗೆ ನೆನಪಿದೆಯೇ? ಮೇಷ್ಟ್ರಿಗೆ ಎದೆ ತುಂಬಿ ಬಂತು. ತುಂಬಿ ಬಂದದ್ದನ್ನು ತೋರಿಸಲು ಬಾರದೆ, ಅವರಿಗೆ ಬರುತ್ತಿದ್ದ ಒಂದೇ ಕೆಲಸ ಮಾಡಿದರು. ಪಾಠ ಶುರು ಮಾಡಿದರು.

"ನೋಡು, ಒಂದು ಚುಕ್ಕಿ ಇದೆ ಅಂತ ಇಟ್ಕೋ. ಅದು ಅಡ್ಡಕ್ಕೆ ಉಯ್ಯಾಲೆ ಆಡ್ತಾ ಇದೆ, ಎಡಕ್ಕೂ ಬಲಕ್ಕೂ. ಅದೇ ಚುಕ್ಕಿ ಅದೇ ಹೊತ್ತಲ್ಲಿ ಮೇಲಕ್ಕೂ ಕೆಳಕ್ಕೂ ಆಡ್ತಾ ಇದೆ. ಅಡ್ಡ ಒಂದು ಸಲ ಹೋಗಿ ಬರೋದ್ರೊಳಗೆ ಮೇಲೆ-ಕೆಳಗೆ ಎರಡು ಸಲ ಹೋಗಿ ಬರಬೇಕು. ಈಗ ಚುಕ್ಕಿ ಎಡತುದಿಯಲ್ಲಿ ಇರುವಾಗ ಎಷ್ಟು ಎತ್ತರದಲ್ಲಿತ್ತು ಅನ್ನೋದೇ ಎಲ್ಲ. ಮೇಲ್ತುದಿಯಲ್ಲಿ ಇದ್ರೆ ನಡುವಿಗೆ ಬರೋದ್ರೊಳಗೆ ಕೆಳಗಿಳಿದು, ಬಲತುದಿಗೆ ಮತ್ತೆ ಮೇಲೇರುತ್ತೆ. ಅದೇ ನಗು. ನಡುಮಟ್ಟದಲ್ಲಿ ಇದ್ರೆ ಮಲಗಿದ ಎಂಟು. ತೀರಾ ಕೆಳಗೆ ಇದ್ರೆ..."

"ಅಪ್ಪ, ಮಾಡಿಕೊಡ್ತೀಯಾ, ಇಲ್ವಾ?"

"ಮಾಡ್ತೀನಿ, ಮಾಡ್ತೀನಿ."

"ಇನ್ನೊಂದು. ರಿಬ್ಬನ್ ಕತ್ತರಿಸೋವಾಗ ನೀನು ನನ್ನ ಪಕ್ಕದಲ್ಲೇ ನಿಂತಿರಬೇಕು. ಅಮ್ಮ ಒಂದು ಕಡೆ, ನೀನು ಒಂದು ಕಡೆ. ಪದವಿ ತಗೊಳ್ಳೋ ದಿನದ ಥರ ಮಾಡಬೇಡ."

ಮಗಳು ಪದವಿ ತೆಗೆದುಕೊಂಡ ದಿನ ಮೇಷ್ಟ್ರು ಸಭಾಂಗಣದ ಧ್ವನಿವರ್ಧಕ ಗೊರಗೊರ ಎನ್ನುತ್ತಿದ್ದುದನ್ನು ತಡೆಯಲಾರದೆ ವೇದಿಕೆಯ ಹಿಂದೆ ಹೋಗಿ ವೈರು ಹಿಡಿದು ಕೂತಿದ್ದರು. ಮಗಳ ಹೆಸರು ಕೂಗಿದ್ದು ಅವರಿಗೆ ಬಹಳ ಸ್ಪಷ್ಟವಾಗಿ ಕೇಳಿಸಿತು. ಕಾಣಿಸಲಿಲ್ಲ, ಅಷ್ಟೇ. ಈ ಸಲ ಹಾಗಾಗಬಾರದು ಎಂದು ಅವರು ಆ ಕ್ಷಣವೇ ನಿಶ್ಚಯಿಸಿದರು. ಗೋಡೆಯ ಮೇಲೆ ನಗು ಇರಬೇಕು, ಮಗಳ ಪಕ್ಕದಲ್ಲಿ ತಾವಿರಬೇಕು. ಎರಡೂ ಒಟ್ಟಿಗೆ. ಇದರಲ್ಲಿ ಕಷ್ಟವೇನಿದೆ?

ಕೆಲಸ ಶುರುವಾಯಿತು. ಹಳೆಯ ರೇಡಿಯೋದ ಎರಡು ಸಣ್ಣ ಸ್ಪೀಕರುಗಳು. ಒಂದೊಂದಕ್ಕೂ ಉಗುರಿನಷ್ಟು ತೆಳು ಕನ್ನಡಿ ಚೂರು, ಒಂದು ಅಂಚು ಚೌಕಟ್ಟಿಗೆ ಟೇಪಿನಲ್ಲಿ ಅಂಟಿ ಕದದಂತೆ ಆಡುವ ಹಾಗೆ, ಇನ್ನೊಂದು ಅಂಚು ಸ್ಪೀಕರಿನ ಕಾಗದದ ಮೇಲೆ ಒರಗುವ ಹಾಗೆ. ಸ್ಪೀಕರು ಅದುರಿದರೆ ಕನ್ನಡಿ ಓಲಾಡುತ್ತದೆ. ಹಸಿರು ಲೇಸರಿನ ಕಿರಣ ಮೊದಲ ಕನ್ನಡಿಗೆ ಬಿದ್ದು ಅಡ್ಡಕ್ಕೆ ಓಲಾಡುತ್ತದೆ, ಅಲ್ಲಿಂದ ಎರಡನೆಯದಕ್ಕೆ ಬಿದ್ದು ಮೇಲೆ-ಕೆಳಗೆ ಓಲಾಡುತ್ತದೆ, ಆಮೇಲೆ ಗೋಡೆಗೆ ಹೋಗುತ್ತದೆ. ಮೊದಲ ಸ್ಪೀಕರಿಗೆ ಸೆಕೆಂಡಿಗೆ ಅರವತ್ತು ಕಂಪನ, ಎರಡನೆಯದಕ್ಕೆ ನೂರಿಪ್ಪತ್ತು. ಅಷ್ಟು ಬೇಗ ಓಡುವ ಚುಕ್ಕಿಯನ್ನು ಕಣ್ಣು ಹಿಂಬಾಲಿಸಲಾರದೆ ಅದನ್ನು ಗೆರೆಯೆಂದು ಒಪ್ಪಿಕೊಂಡುಬಿಡುತ್ತದೆ. ಎರಡು ಸ್ಪೀಕರಿಗೂ ಕಂಪನ ಕೊಡಲು ಎರಡು ಆಸಿಲೇಟರು ಪೆಟ್ಟಿಗೆಗಳು. ಇವೆರಡನ್ನೂ ಮೇಷ್ಟ್ರು ತಮ್ಮ ಕೈಯಾರೆ ಕಟ್ಟಿದ್ದರು. ಒಂದೊಂದಕ್ಕೂ ವೇಗ ಹೆಚ್ಚುಕಡಿಮೆ ಮಾಡಲು ತಿರುಗಿಸುವ, ಅಂಗೈಯಗಲದ ನಾಬ್. ಮನೆಯೆಲ್ಲ ಗುಂಯ್ ಎನ್ನತೊಡಗಿತು.

"ಏನ್ರೀ, ಜೇನುಗೂಡು ತಂದಿದ್ದೀರಾ?" ಎಂದರು ಹೆಂಡತಿ.

"ಅರವತ್ತು, ನೂರಿಪ್ಪತ್ತು ಕಣೇ. ಕೇಳಿಸ್ಕೋ, ಒಂದೇ ಸ್ವರ, ಇನ್ನೊಂದು ಸ್ಥಾಯಿಯಲ್ಲಿ. ಷಡ್ಜ, ಮೇಲಿನ ಷಡ್ಜ."

"ಎರಡೂ ತಲೆನೋವೇ" ಎಂದು ಅವರು ಬಾಗಿಲು ಹಾಕಿಕೊಂಡರು.

ಕಾಲೇಜಿಗೆ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಲೆಕ್ಚರರೊಬ್ಬ ಮನೆಗೆ ಬಂದಾಗ ಇದನ್ನು ನೋಡಿ ಬಹಳ ಮೆಚ್ಚಿಕೊಂಡ. ಮೆಚ್ಚಿಕೊಂಡು ಸುಮ್ಮನಿದ್ದರೆ ಚೆನ್ನಾಗಿತ್ತು. "ಸಾರ್, ಎರಡು ಬೇರೆ ಬೇರೆ ಆಸಿಲೇಟರು ಯಾಕೆ? ನೂರಿಪ್ಪತ್ತರದ್ದು ಒಂದೇ ಇಟ್ಟು, ಅದರಿಂದಲೇ ಎರಡಕ್ಕೊಂದು ಅಂತ ಭಾಗಿಸಿ ಅರವತ್ತು ತೆಗೆದ್ರೆ? ಆಗ ಅವು ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಚಿತ್ರ ಅಲ್ಲಾಡಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಅದೇ ತೊಂದರೆ. ತಪ್ಪು ಹೇಳಿದವರನ್ನು ಮೇಷ್ಟ್ರು ತಿದ್ದಬಲ್ಲವರಾಗಿದ್ದರು, ಸರಿ ಹೇಳಿದವರನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. "ಕಟ್ಟಿಹಾಕಿದ ಚಿತ್ರ ಹೆಣ ಇದ್ದ ಹಾಗಪ್ಪ" ಎಂದರು. "ಬೇರೆ ಬೇರೆ ಇದ್ರೆ ಅದರಲ್ಲಿ ಜೀವ ಇರುತ್ತೆ." ಹೇಳಿದ ಮೇಲೆ ಮಾತು ಅವರಿಗೇ ಇಷ್ಟವಾಗಿ, ಸಂಜೆಯವರೆಗೂ ಅದನ್ನು ಮನಸ್ಸಿನಲ್ಲೇ ಚಪ್ಪರಿಸಿದರು.

ಮನೆಯಲ್ಲಿ ಪರೀಕ್ಷೆ ಮಾಡಿದಾಗ ಪೆಟ್ಟಿಗೆಗಳು ಮಧ್ಯಾಹ್ನದಿಂದ ಉರಿದು ಹದವಾಗಿ ಬೆಚ್ಚಗಾಗಿದ್ದವು. ನಾಬನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ಮಾಡಿ ನಗುವನ್ನು ನಿಲ್ಲಿಸಿದರು. ಅದು ನಿಂತಿತು. ಹೆಂಡತಿಯನ್ನು ಕರೆದು ತೋರಿಸಿದರು. ಅವರು ನೋಡಿ ನಕ್ಕರು. ಹೆಂಡತಿ ನಕ್ಕದ್ದು ಗೋಡೆಯ ಮೇಲಿನ ಬಾಯಿಗೋ, ಅದರ ಕೆಳಗೆ ಅದೇ ಆಕಾರದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ ತಮ್ಮ ಬಾಯಿಗೋ ಎಂದು ಮೇಷ್ಟ್ರು ವಿಚಾರಿಸಲಿಲ್ಲ.

ಕ್ಲಿನಿಕ್ಕಿನ ಎದುರಿಗೆ, ಬೀದಿಯ ಆ ಬದಿಗೆ, ಒಂದು ದರ್ಜಿ ಅಂಗಡಿ. ಅದರ ಮಹಡಿಯ ಕಿಟಕಿಯಿಂದ ಹೊರಟ ಕಿರಣ ಎಲ್ಲರ ತಲೆಯ ಮೇಲಿಂದ ಹಾದು ನೇರ ಗೋಡೆಗೆ ಹೋಗುತ್ತಿತ್ತು. ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ದರ್ಜಿ ಒಳ್ಳೆಯ ಮನುಷ್ಯ, ಒಪ್ಪಿಕೊಂಡ. ಒಂದೇ ಷರತ್ತು: ಯಾರದೋ ಆರು ಅಂಗಿ ಆ ಸಂಜೆಯೇ ಮುಗಿಯಬೇಕು, ಆದ್ದರಿಂದ ತಾನು ಅಲ್ಲೇ ಕೂತು ಕೆಲಸ ಮಾಡುತ್ತೇನೆ ಎಂದ. ಮೇಷ್ಟ್ರು ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ತಮ್ಮ ಸಂಸಾರ ಹೂಡಿದರು. ದಾರಿಯಲ್ಲಿ ಆಟೋ ಸಿಗದೆ ತಡವಾಗಿತ್ತು. ಪೆಟ್ಟಿಗೆಗಳನ್ನು ಹಚ್ಚುವಾಗ ಹೊತ್ತು ಮುಳುಗುತ್ತಿತ್ತು.

ಕೆಳಗೆ ಜನ ಸೇರಿದ್ದರು. ಬಾಗಿಲಿಗೆ ಕೆಂಪು ರಿಬ್ಬನ್, ಪಕ್ಕದಲ್ಲಿ ಮೈಕು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಮಗಳ ಹಳೆಯ ಕಾಲೇಜಿನ ಪ್ರಿನ್ಸಿಪಾಲರು ಮುಖ್ಯ ಅತಿಥಿ. ಚಿಕ್ಕ ಲೆಕ್ಚರರೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ಗೋಡೆಯ ಮೇಲೆ ಎರಡು ದೊಡ್ಡ ದುಂಡು ಕಣ್ಣುಗಳು ಬಾಯಿಗಾಗಿ ಕಾಯುತ್ತಿದ್ದವು. ಕತ್ತಲಾಗುತ್ತಿದ್ದಂತೆ ಮೇಷ್ಟ್ರು ಲೇಸರು ಹಚ್ಚಿ, ನಾಬ್ ತಿರುಗಿಸಿ, ನಗುವನ್ನು ಹಿಡಿದು ನಿಲ್ಲಿಸಿದರು. ಕೆಳಗಿನಿಂದ "ಓಹ್!" ಎಂದು ಚಪ್ಪಾಳೆ ಬಂತು. ಮಗಳು ತಿರುಗಿ ಕಿಟಕಿಯ ಕಡೆ ನೋಡಿ ಕೈ ಬೀಸಿದಳು. ಮೇಷ್ಟ್ರು ಕೈ ಬೀಸಿ, ಅಂಗಿಯ ತೋಳು ಇಳಿಸಿಕೊಂಡು, ಕೂದಲು ತೀಡಿಕೊಂಡು, ಕೆಳಗಿಳಿಯಲು ಮೆಟ್ಟಿಲ ತನಕ ಹೋದರು.

"ಮೇಷ್ಟ್ರೇ" ಎಂದ ದರ್ಜಿ, ಹೊಲಿಗೆ ನಿಲ್ಲಿಸದೆ. "ನಿಮ್ಮ ಬಾಯಿ ಗಂಟು ಬಿತ್ತು."

ಮೇಷ್ಟ್ರು ಓಡಿ ಬಂದು ನೋಡಿದರು. ನಗುವಿನ ಗೆರೆ ಎರಡಾಗಿ ಸೀಳಿ, ನಡುವೆ ಒಂದನ್ನೊಂದು ದಾಟಿ, ಕಣ್ಣುಗಳ ಕೆಳಗೆ ಮಲಗಿದ ಎಂಟು ತಯಾರಾಗಿತ್ತು. ಅವರ ಪ್ರಾಣಪ್ರಿಯ ಎಂಟು. ಅವರು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಕೂಡಿಕೊಂಡು ಒಂದೇ ಗೆರೆಯಾಯಿತು, ಎರಡೂ ಕೊನೆ ಕೆಳಗೆ, ನಡು ಮೇಲೆ. ಊರಿನ ದುಃಖವನ್ನೆಲ್ಲ ತಾನೊಬ್ಬನೇ ಹೊತ್ತವನ ಹಾಗೆ ಆ ದೊಡ್ಡ ಮುಖ ಹಲ್ಲಿನ ಆಸ್ಪತ್ರೆಯ ಗೋಡೆಯಿಂದ ಜನರನ್ನು ನೋಡತೊಡಗಿತು. ಕೆಳಗೆ ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ತಮ್ಮ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಫೇಸ್ ಜಾರ್ತಿದೆ!" ಎಂದು ಮೇಷ್ಟ್ರು ನಾಬಿಗೆ ಕೈ ಹಾಕಿದರು.

"ಹೂಂ, ಫೇಸೇ ಕೆಟ್ಟೋಗಿದೆ" ಎಂದ ದರ್ಜಿ ಮರುಕದಿಂದ.

"ಆ ಫೇಸ್ ಅಲ್ಲ ಮಾರಾಯ. ಎರಡು ಅಲೆಯಲ್ಲಿ ಯಾವುದು ಎಷ್ಟು ಮುಂದೆ ಅನ್ನೋದು, ಆ ಫೇಸ್."

"ಯಾವ ಫೇಸ್ ಆದ್ರೂ ಅಳ್ತಿದೆಯಲ್ಲ ಸ್ವಾಮಿ."

ಅದನ್ನು ತಿದ್ದಲು ಮೇಷ್ಟ್ರಿಗೆ ಏನೂ ಸಿಗಲಿಲ್ಲ. ಏನಾಗುತ್ತಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಣ್ಣಗಿದ್ದ ಪೆಟ್ಟಿಗೆಗಳು ಈಗ ಬೆಚ್ಚಗಾಗುತ್ತಿದ್ದವು, ಎರಡೂ ಒಂದೇ ಸಮನೆ ಅಲ್ಲ; ಬಿಸಿ ಬದಲಾದಂತೆ ಅವುಗಳ ವೇಗವೂ ಬದಲಾಗುತ್ತಿತ್ತು. ಮೇಲೆ-ಕೆಳಗಿನದು ಅಡ್ಡದ್ದರ ಸರಿಯಾಗಿ ಎರಡರಷ್ಟು ಓಡಿದರೆ ಮಾತ್ರ ಚಿತ್ರ ನಿಲ್ಲುತ್ತದೆ. ಒಂದು ಕೂದಲೆಳೆ ಹೆಚ್ಚು ಓಡಿದರೂ ಪ್ರತಿ ಸುತ್ತಿಗೂ ಒಂಚೂರು ಮುಂದಾಗಿ, ಆ ಒಂಚೂರುಗಳೆಲ್ಲ ಸೇರಿ, ನಗು ಎಂಟಾಗಿ, ಎಂಟು ಅಳುವಾಗಿ, ಅಳು ಮತ್ತೆ ಎಂಟಾಗಿ, ಕೊನೆಗೆ ನಗುವಿಗೇ ಬರುತ್ತದೆ. ಹೀಗೆ ತಿರುಗುತ್ತಲೇ ಇರುತ್ತದೆ. ಇದನ್ನು ಅವರು ಪ್ರತಿ ವರ್ಷ ಮೊದಲ ಪಾಠದಲ್ಲೇ ಹೇಳುತ್ತಿದ್ದರು. ಹುಡುಗರು ಬರೆದುಕೊಳ್ಳದಿದ್ದರೆ ರೇಗುತ್ತಿದ್ದರು. ತಾವು ಒಬ್ಬರು ಮಾತ್ರ ಬರೆದುಕೊಂಡಿರಲಿಲ್ಲ.

ಅದರ ಮೇಲೆ ದರ್ಜಿಯ ಇಸ್ತ್ರಿ ಪೆಟ್ಟಿಗೆ ಒಂದು ಆಸಿಲೇಟರಿನ ಮಗ್ಗುಲಲ್ಲೇ ಕೆಂಡದಂತೆ ಕಾಯುತ್ತಿತ್ತು. ಮೇಷ್ಟ್ರು ಅದನ್ನು ದೂರ ಇಡಿಸಿದರು. ಆಗ ಆಸಿಲೇಟರು ಪೆಟ್ಟಿಗೆ ಆರತೊಡಗಿ ಬಾಯಿ ಇನ್ನೊಂದು ದಿಕ್ಕಿಗೆ ಜಾರಿತು. ಕೊನೆಗೆ ಅವರು ಮೇಜಿನ ಮುಂದೆ ದರ್ಜಿಯ ಸ್ಟೂಲಿನ ಮೇಲೆ ಕುಕ್ಕರಿಸಿ, ಕಣ್ಣು ಗೋಡೆಯ ಮೇಲಿಟ್ಟು, ಬೆರಳು ನಾಬಿನ ಮೇಲಿಟ್ಟರು. ನಗುವಿನ ಗೆರೆ ಸೀಳುವ ಸೂಚನೆ ಕಂಡರೆ ಇಷ್ಟೇ ಇಷ್ಟು ಹಿಂದಕ್ಕೆ. ಮತ್ತೆ ಇಷ್ಟೇ ಇಷ್ಟು ಮುಂದಕ್ಕೆ. ನಗು ನಿಂತಿತು. ಕೈ ತೆಗೆದರೆ ಮುಗಿಯಿತು.

ಹೀಗೆ ಕಟ್ಟಿಹಾಕಿದ್ದು ಕೊನೆಗೂ ಆಯಿತು. ಚಿತ್ರವನ್ನಲ್ಲ, ಅವರನ್ನು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಹೆಂಡತಿ ಏದುಸಿರು ಬಿಡುತ್ತಾ ಬಂದರು. "ಏನ್ರೀ, ಇನ್ನೂ ಇಲ್ಲೇ ಇದ್ದೀರಾ? ಎಲ್ಲರೂ ಕಾಯ್ತಿದ್ದಾರೆ. ಬನ್ನಿ."

"ನಾಬ್ ಬಿಟ್ರೆ ಬಾಯಿ ಮಗುಚುತ್ತೆ ಕಣೇ. ನೀವು ಶುರು ಮಾಡಿ."

"ಮಗುಚಿದ್ರೆ ಮಗುಚಲಿ."

"ಅವಳು ನನ್ನ ಹತ್ರ ಕೇಳಿದ್ದು ಇದೊಂದೇ. ಇದನ್ನೂ ಹಾಳು ಮಾಡಿಕೊಟ್ಟ ಅಂತ ಆಗಬಾರದು."

"ಅವಳು ಕೇಳಿದ್ದು ಎರಡು" ಎಂದರು ಹೆಂಡತಿ. ಗಂಡನ ಬಾಗಿದ ಬೆನ್ನನ್ನು ಒಮ್ಮೆ ನೋಡಿ ಇಳಿದು ಹೋದರು.

ಮೇಷ್ಟ್ರಿಗೆ ಆ ಮಾತು ನಾಟಿತು. ಬೆರಳಿಗೆ ಜೋಮು ಹಿಡಿಯುತ್ತಿತ್ತು. ದರ್ಜಿಗೆ ಕೊಡೋಣವೆಂದರೆ ಅವನ ಎರಡು ಕೈಯಲ್ಲೂ ಅಂಗಿ. ತಾವೇ ಕಟ್ಟಿದ ಪೆಟ್ಟಿಗೆ, ತಾವೇ ಬೇಡವೆಂದ ಸಲಹೆ, ತಾವೇ ಚಪ್ಪರಿಸಿದ ಮಾತು. ಜೀವ ಇರುತ್ತದೆಯಂತೆ ಜೀವ! ಜೀವ ಬಾಯಿಗೆ ಬಂದಿತ್ತು, ಅದು ನಿಜ. ಇನ್ನೊಬ್ಬರು ಹೀಗೆ ಮಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿ ತಿಳಿಹೇಳಬಹುದಿತ್ತು ಎಂದು ಅವರಿಗೆ ಹೊಟ್ಟೆ ಉರಿಯಿತು. ಮೂರ್ಖತನ ಮಾರನೆಯ ಬೆಳಗಿನ ತನಕ ಕಾಯದೆ ಅದೇ ಹೊತ್ತಿಗೆ ತಿಳಿದದ್ದು ಇದೇ ಮೊದಲು. ತಿಳಿದು ಏನೂ ಪ್ರಯೋಜನವಾಗಲಿಲ್ಲ.

ಕೆಳಗೆ ಮಗಳು ಮೈಕಿನ ಮುಂದೆ ನಿಂತಳು. ಅವಳ ಒಂದು ಪಕ್ಕ ಅಮ್ಮ. ಇನ್ನೊಂದು ಪಕ್ಕ ಖಾಲಿ. ಆ ಖಾಲಿ ಜಾಗ ಮಹಡಿಯಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಮೇಷ್ಟ್ರು ಅದನ್ನು ನೋಡಬಾರದೆಂದು ಗೋಡೆಯನ್ನೇ ನೋಡಿದರು.

ಮಗಳು ಬಂದವರಿಗೆಲ್ಲ ನಮಸ್ಕಾರ ಹೇಳಿದಳು. ಪ್ರಿನ್ಸಿಪಾಲರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು.

"ಈ ನಗು ಹೇಗೆ ಬಂತು ಅಂತ ತುಂಬಾ ಜನ ಕೇಳ್ತಿದ್ದೀರಿ. ಹೇಳ್ತೀನಿ. ಅಲ್ಲಿ ಇರೋದು ಒಂದೇ ಒಂದು ಚುಕ್ಕಿ. ಎರಡು ಸಣ್ಣ ಕನ್ನಡಿ ಅದನ್ನ ಓಡಾಡಿಸ್ತಿವೆ. ಒಂದು ಅಡ್ಡಕ್ಕೆ, ಇನ್ನೊಂದು ಮೇಲೆ-ಕೆಳಗೆ. ಒಂದು ಇನ್ನೊಂದರ ಎರಡರಷ್ಟು ಓಡುತ್ತೆ. ಎರಡೂ ಯಾವ ಜಾಗದಿಂದ ಹೊರಡ್ತವೆ ಅನ್ನೋದರ ಮೇಲೆ ನಗುವೋ, ಅಳುವೋ, ಎಂಟೋ ಆಗುತ್ತೆ."

ಮೇಷ್ಟ್ರ ಬೆರಳು ನಾಬಿನ ಮೇಲೆ ಸ್ತಬ್ಧವಾಯಿತು. ಅದು ಅವರದೇ ಪಾಠ. ಅವರು ಹೇಳುವಷ್ಟು ಹೊತ್ತು ತೆಗೆದುಕೊಳ್ಳದೆ, ಅವರು ಹೇಳುವುದಕ್ಕಿಂತ ಚೆನ್ನಾಗಿ, ಯಾರೂ ಆಕಳಿಸದಂತೆ ಅವಳು ಹೇಳುತ್ತಿದ್ದಳು. ಇದನ್ನೆಲ್ಲ ಯಾವಾಗ ಕೇಳಿಸಿಕೊಂಡಳು? ಹಜಾರದಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಇಷ್ಟೊಂದು ಕಿವಿಗೆ ಬಿದ್ದಿತ್ತೇ? ಅವರ ಕಣ್ಣು ಮಂಜಾಯಿತು. ಗೋಡೆಯ ಮೇಲೆ ನಗುವಿನ ಗೆರೆ ಸೀಳುತ್ತಿದೆಯೋ ಇಲ್ಲವೋ ಅವರಿಗೆ ಕಾಣಿಸಲಿಲ್ಲ.

"ಎರಡರಷ್ಟು ಓಡೋದು ಯಾವುದು ಗೊತ್ತಾ?" ಮಗಳು ಸ್ವಲ್ಪ ತಡೆದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಅಡ್ಡಕ್ಕೆ ಓಡೋ ಕನ್ನಡಿ."

ಪ್ರಯೋಗಶಾಲೆಗೆ ಬರುವ ಹುಡುಗರಲ್ಲಿ ಅರ್ಧ ಜನ ಮಾಡುವ ತಪ್ಪು. ಚಿತ್ರ ಅಡ್ಡಕ್ಕೆ ಅಗಲವಾಗಿದೆ, ಮೇಲ್ಗಡೆ ಎರಡು ಕಡೆ ಮುಟ್ಟುತ್ತದೆ, ಆದ್ದರಿಂದ ಅಡ್ಡದ್ದೇ ಜಾಸ್ತಿ ಓಡುತ್ತಿರಬೇಕು ಎಂದುಕೊಂಡು ತಲೆಕೆಳಗು ಬರೆಯುತ್ತಾರೆ. ವರ್ಷಗಟ್ಟಲೆ ಕೆಂಪು ಶಾಯಿ ಸುರಿದು ಮೇಷ್ಟ್ರು ಹೊಡೆದುಹಾಕಿದ್ದ ತಪ್ಪು. ಅದು ಈಗ ಮೈಕಿನಲ್ಲಿ, ಬೀದಿಗೆಲ್ಲ ಕೇಳುವಂತೆ, ಪ್ರಿನ್ಸಿಪಾಲರ ಎದುರಿಗೆ!

ಆಮೇಲೆ ನಡೆದದ್ದರಲ್ಲಿ ಮೇಷ್ಟ್ರ ಕೈವಾಡ ಏನೂ ಇರಲಿಲ್ಲ ಎಂದೇ ಹೇಳಬೇಕು. ಸ್ಟೂಲು ಬಿತ್ತು. ಅರ್ಧ ದೇಹ ಕಿಟಕಿಯ ಹೊರಗೆ ಬಂತು.

"ಹಾಗಲ್ಲ! ಹಾಗಲ್ಲ! ಅಡ್ಡ ಒಂದು, ಮೇಲೆ-ಕೆಳಗೆ ಎರಡು! ಅಡ್ಡಕ್ಕೆ ಎರಡು ಓಡಿಸಿದ್ರೆ ಬಾಯಿ ಪಕ್ಕಕ್ಕೆ ತಿರುಗಿ ಕಿವಿಯಲ್ಲಿ ನಗಬೇಕಾಗುತ್ತೆ!"

ಬೀದಿಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲಕ್ಕೆ ತಿರುಗಿದವು. ಮಗಳು ಮೈಕಿನಲ್ಲಿ ಹೇಳಿದಳು:

"ಅವರೇ ನಮ್ಮಪ್ಪ."

ಬೀದಿ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಮಾಡಿದ್ದಾಯಿತು, ಮಗಳ ದಿನದಂದು, ಮಗಳ ಜನರ ಮುಂದೆ, ಮಗಳ ಮಾತಿನ ನಡುವೆ. ಮೂಗು ತೂರಿಸಲು ಒಂದು ಮಹಡಿ ಎತ್ತರವೂ ಅಡ್ಡಿಯಾಗಲಿಲ್ಲ.

"ಅಪ್ಪ, ಕಿಟಕಿಯಿಂದ ಬೇಡ, ಬಿದ್ದುಬಿಡ್ತೀಯ. ಇಲ್ಲಿಗೇ ಬಂದು ತಿದ್ದು" ಎಂದಳು ಮಗಳು.

ತಿದ್ದಲು ಕರೆದರೆ ಹೋಗದಿರುವ ಶಕ್ತಿ ಅವರಿಗೆ ಎಲ್ಲಿಂದ ಬರಬೇಕು? ನಾಬಿನ ನೆನಪೂ ಬರಲಿಲ್ಲ. ಮೆಟ್ಟಿಲಿಳಿದು, ಬೀದಿ ದಾಟಿ, ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು ಬಂದರು. ತೋಳಿಗೆ ದರ್ಜಿಯ ಅಂಗಡಿಯ ಹಳದಿ ದಾರ ಅಂಟಿತ್ತು. ಮಗಳು ಅದನ್ನು ಬಿಡಿಸಿ, ಅವರನ್ನು ಭುಜ ಹಿಡಿದು ಖಾಲಿ ಜಾಗದಲ್ಲಿ ನಿಲ್ಲಿಸಿದಳು. ಮೈಕಿಗೆ ಕೈ ಅಡ್ಡ ಇಟ್ಟು ಮೆತ್ತಗೆ ಕೇಳಿದಳು.

"ಮೇಲಿನ ಅಂಚಿಗೆ ಎರಡು ಕಡೆ ಮುಟ್ಟಿದ್ರೆ ಮೇಲೆ-ಕೆಳಗಿಂದು ಎರಡು. ಪಕ್ಕದ ಅಂಚಿಗೆ ಒಂದು ಕಡೆ ಮುಟ್ಟಿದ್ರೆ ಅಡ್ಡದ್ದು ಒಂದು. ಸರೀನಾ?"

ಮೇಷ್ಟ್ರು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದರು.

"ಮತ್ತೆ ಆಗ ತಪ್ಪು ಹೇಳಿದ್ದು..."

"ಅಮ್ಮನ್ನ ಕಳಿಸಿದೆ, ನೀನು ಬರಲಿಲ್ಲ. ಇನ್ನೇನು ಮಾಡಲಿ? ನಿನ್ನ ಕರೆಯೋಕೆ ಇದೊಂದೇ ದಾರಿ."

ಗೊತ್ತಿಲ್ಲದವರು ಹೇಗೆ ಬೇಕಾದರೂ ತಪ್ಪು ಹೇಳಬಹುದು. ಕೂತ ಸ್ಟೂಲಿನಿಂದ ಅಪ್ಪನನ್ನು ಎಬ್ಬಿಸುವಂಥ ಆ ಒಂದೇ ತಪ್ಪನ್ನು ಹುಡುಕಿ ಹೇಳಬೇಕಾದರೆ ಪಾಠ ಪೂರ್ತಿ ಬರಬೇಕು. ಪಾಠ ಮಾತ್ರವಲ್ಲ, ಮೇಷ್ಟ್ರೂ ಬರಬೇಕು. ತಮ್ಮನ್ನು ಇಷ್ಟು ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿ ಇನ್ನೊಬ್ಬರಿಲ್ಲ ಎಂದು ಅವರಿಗೆ ತಿಳಿಯಿತು. ಇವಳು ತಮ್ಮ ಮಾತು ಕೇಳಲೇ ಇಲ್ಲ ಎಂದು ಎಷ್ಟು ವರ್ಷ ಮುಖ ಊದಿಸಿಕೊಂಡು ಕೂತಿದ್ದರು! ಹಜಾರದಲ್ಲಿ ಕೂತು ಅವಳ ಒಂದು ಕಥೆಯನ್ನೂ ಪೂರ್ತಿ ಕೇಳಿಸಿಕೊಳ್ಳದೆ ಇದ್ದವರು ಯಾರು?

ಮಗಳು ಕೈ ತೆಗೆದು ಮೈಕನ್ನು ಅವರ ಮುಂದೆ ಹಿಡಿದಳು. "ಹೇಳಪ್ಪ. ನಾನು ಹೇಳಿದ್ದರಲ್ಲಿ ತಪ್ಪೇನು?"

ಎಲ್ಲರೂ ನಗು ತಡೆದುಕೊಂಡು ಕಾದರು. ಮೈಕು, ಸಭೆ, ಕೇಳಲು ಸಿದ್ಧರಾದ ಜನ, ತಿದ್ದಲು ಒಂದು ಅಪ್ಪಟ ತಪ್ಪು. ಇಂಥ ಹೊತ್ತು ಮೇಷ್ಟ್ರ ಬಾಳಿನಲ್ಲಿ ಮತ್ತೆ ಬರುವಂತಿರಲಿಲ್ಲ.

"ಏನೂ ತಪ್ಪಿಲ್ಲ" ಎಂದರು ಅವರು. "ನನ್ನ ಮಗಳು ಹೇಳಿದ್ದು ಸರಿ."

ಮುಂದಿನ ಸಾಲಿನಲ್ಲಿ ಚಿಕ್ಕ ಲೆಕ್ಚರರು ಕೈ ಎತ್ತಿಕೊಂಡು ಎದ್ದು ನಿಂತ. "ಅಲ್ಲ ಸಾರ್, ಕ್ಷಮಿಸಿ, ಅಡ್ಡದ್ದು ಎರಡು ಅಂದ್ರೆ..."

"ಕೂತ್ಕೋಪ್ಪ" ಎಂದರು ಮೇಷ್ಟ್ರ ಹೆಂಡತಿ.

ಅವನು ಕೂತ. ಮಗಳು ಅಪ್ಪನ ಕಿವಿಯ ಬಳಿ, "ನೀನೂ ಸುಳ್ಳು ಹೇಳೋಕೆ ಕಲಿತುಬಿಟ್ಟೆ" ಎಂದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಆದರೂ ನಗುತ್ತಿದ್ದಳು. ಪ್ರಿನ್ಸಿಪಾಲರು ಎದ್ದು ಬಂದು ಕತ್ತರಿ ತೆಗೆದುಕೊಂಡರು. ಮಗಳು ಒಂದು ಕೈಯಲ್ಲಿ ಅಮ್ಮನ ಕೈ, ಇನ್ನೊಂದರಲ್ಲಿ ಅಪ್ಪನ ಕೈ ಹಿಡಿದುಕೊಂಡಳು. ನಾಬ್ ಹಿಡಿದು ಜೋಮು ಹಿಡಿದಿದ್ದ ಬೆರಳುಗಳಿಗೆ ಮೆಲ್ಲಗೆ ರಕ್ತ ಹರಿಯತೊಡಗಿತು. ಗೋಡೆಯ ಕಡೆ ನೋಡಿ ಜನ ಯಾಕೋ ಮತ್ತೆ ಗೊಳ್ಳೆಂದರು. ಅಲ್ಲಿ ಬಾಯಿ ಆಗ ಯಾವ ಕಡೆಗೆ ಇತ್ತೋ ಮೇಷ್ಟ್ರು ತಿರುಗಿ ನೋಡಲಿಲ್ಲ.